ಲಂಡನ್ನೋ, ಇಟಲಿಯೋ?

ಈ ಸಲ ಅಣ್ಣನನ್ನು ಸೋಲಿಸಿಯೇ ತೀರುತ್ತೇನೆ!

ಹಾಗೆಂದು ನಾನು ಘೋಷಿಸಿದ್ದು ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಅಡುಗೆಮನೆಯ ನಟ್ಟನಡುವೆ ನಿಂತು. ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಪೇಪರ್ ಓದುತ್ತಿದ್ದ ನಮ್ಮ ಯಜಮಾನರು, ಇನ್ನೊಂದು ಒಲೆಯ ಮೇಲಿದ್ದ ಹಾಲು. ಯಜಮಾನರು ತಲೆ ಎತ್ತಲಿಲ್ಲ. ಹಾಲು ಮಾತ್ರ ಎದ್ದು ಬಂದು ಗೌರವ ಸಲ್ಲಿಸಿತು!

ಫೋನಿನಲ್ಲಿ ಅಣ್ಣ ಹೇಳಿದ್ದಿಷ್ಟು: "ಭಾನುವಾರ ಊಟಕ್ಕೆ ಬರ್ತೀವಿ ಪುಟ್ಟಿ. ಅಪ್ಪನ ಚೆಸ್ ಬೋರ್ಡೂ ತರ್ತೀನಿ. ಒಂದಾಟ ಆಡೋಣ."

ಐವತ್ತು ದಾಟಿ ಕನ್ನಡಕ ಏರಿದ ಮೇಲೂ ನನ್ನನ್ನು ಪುಟ್ಟಿ ಎನ್ನುವವನು ಈ ಲೋಕದಲ್ಲಿ ಅವನೊಬ್ಬನೇ. ಅಪ್ಪ ಇದ್ದಾಗ ಇಬ್ಬರಿದ್ದರು.

ಆ ಬೋರ್ಡಿನ ಕತೆ ಹೇಳಬೇಕು. ಮರದ ಪೆಟ್ಟಿಗೆ, ಬಿಡಿಸಿದರೆ ಹಲಗೆ, ಮಡಚಿದರೆ ಕಾಯಿಗಳ ಮನೆ. ಬಿಳಿ ಕುದುರೆಯೊಂದರ ಕಿವಿ ಮುರಿದು ಅಪ್ಪನೇ ಗೋಂದು ಹಚ್ಚಿ ಕೂರಿಸಿದ್ದರು, ಸ್ವಲ್ಪ ಸೊಟ್ಟಗೆ. ಅದು ಸದಾ ಯಾರದೋ ಮಾತು ಕದ್ದು ಕೇಳುವಂತೆ ನಿಂತಿರುತ್ತಿತ್ತು. ರಜೆಯ ಮಧ್ಯಾಹ್ನ ಅಪ್ಪ ಚಾಪೆ ಹಾಸಿ ನಮ್ಮಿಬ್ಬರನ್ನೂ ಎದುರುಬದುರು ಕೂರಿಸುತ್ತಿದ್ದರು. "ಮೊದಲು ಮನೆಮಂದೀನೆಲ್ಲ ಹೊರಗೆ ಕರ್ಕೊಂಡು ಬಾ, ಆಮೇಲೆ ಜಗಳ ತೆಗಿ" ಎನ್ನುವುದು ಅವರ ಮೊದಲ ಪಾಠ. ಒಳಗಿನಿಂದ ಅಮ್ಮ, "ಅನ್ನ ಆರಿ ಕಲ್ಲಾಯ್ತು!" ಎಂದು ಕೂಗುವವರೆಗೂ ಅಲ್ಲಿ ಯುದ್ಧ ನಡೆಯುತ್ತಿತ್ತು. ಪೆಟ್ಟಿಗೆ ಯಾರ ಮಂಚದ ಕೆಳಗಿರಬೇಕು ಎಂದು ನಾವು ಕೂದಲು ಹಿಡಿದು ಜಗಳವಾಡಿದಾಗ ಅಪ್ಪ ಒಂದು ಕಾನೂನು ಮಾಡಿದರು: ಗೆದ್ದವರ ಬಳಿ ಪೆಟ್ಟಿಗೆ, ಮುಂದಿನ ಆಟದವರೆಗೆ. ಚಿಕ್ಕವಳೆಂದು ಬಿಳಿ ಕಾಯಿ ಯಾವಾಗಲೂ ನನಗೆ.

ನನ್ನ ಮದುವೆಗೆ ಮುಂಚಿನ ಕೊನೆಯ ಆಟದಲ್ಲಿ ಅಣ್ಣ ಗೆದ್ದ. ಪೆಟ್ಟಿಗೆ ಅವನ ಪಾಲಾಯಿತು. ಆಮೇಲೆ ಸಂಸಾರ, ಮಕ್ಕಳು, ಅಪ್ಪ ಹೋಗಿದ್ದು... ಆ 'ಮುಂದಿನ ಆಟ' ಬರಲೇ ಇಲ್ಲ.

ಈಗ ಬಂತಲ್ಲ! ಆದರೆ ಆಟ ಶುರು ಮಾಡುವುದು ಹೇಗೆ? ನನ್ನ ಮುಂದೆ ಎರಡು ಓಪನಿಂಗ್ ಇದ್ದವು.

ಒಂದು, ಅಪ್ಪನ ಪ್ರೀತಿಯ ಇಟಾಲಿಯನ್. ರಾಜನ ಮುಂದಿನ ಸಿಪಾಯಿ ಎರಡು ಮನೆ ಮುಂದೆ, ಹಿಂದೆಯೇ ಕುದುರೆ, ಆಮೇಲೆ ಒಂಟೆ ಓರೆಯಾಗಿ ಹೊರಟು ನಡುಹಲಗೆಯಲ್ಲಿ ನಿಲ್ಲುತ್ತದೆ. ಅದರ ಕಣ್ಣು ನೇರ ಎದುರಾಳಿಯ ರಾಜನ ಪಕ್ಕದ ಒಂದು ಸಿಪಾಯಿಯ ಮೇಲೆ. ಆಟದ ಆರಂಭದಲ್ಲಿ ಆ ಬಡಪಾಯಿಗೆ ರಾಜನೊಬ್ಬನನ್ನು ಬಿಟ್ಟರೆ ಬೇರೆ ಕಾವಲಿಲ್ಲ. ಕುದುರೆಯೂ ಅದರ ಮೇಲೆ ನೆಗೆಯಲು ಸಿದ್ಧವಾದರೆ ಎದುರಾಳಿ ಬೆವರುತ್ತಾನೆ. ಆದರೆ ಅವನು ಸರಿಯಾದ ಉತ್ತರ ಬಲ್ಲವನಾದರೆ ಬೆವರುವುದು ನಾವು!

ಇನ್ನೊಂದು, ಕಾಲೇಜಿಗೆ ಹೋಗುವ ಮಗಳು ಹೇಳಿದ ಲಂಡನ್. ರಾಣಿಯ ಮುಂದಿನ ಸಿಪಾಯಿ ಎರಡು ಮನೆ. ಆ ಕಡೆಯ ಒಂಟೆ ತಕ್ಷಣ ಹೊರಗೆ. ಆಮೇಲಷ್ಟೇ ಅಕ್ಕಪಕ್ಕದ ಸಿಪಾಯಿಗಳನ್ನು ಒಂದೊಂದು ಮನೆ ಸರಿಸಿ ಗೋಡೆ ಕಟ್ಟುವುದು. ಗೋಡೆ ಮೊದಲು ಕಟ್ಟಿದರೆ ಒಂಟೆ ಒಳಗೇ ಬಂದಿ.

"ಅಮ್ಮಾ, ನಿಂಗೆ ಲಂಡನ್ನೇ ಸರಿ. ಎದುರಿನವರು ಏನೇ ಆಡ್ಲಿ, ನೀನು ಬಹುತೇಕ ಅದೇ ನಡೆಗಳನ್ನ ಆಡ್ಬಹುದು" ಎಂದಳು ಮಗಳು.

ಆಹಾ! ಇದು ನನ್ನ ಸಂಸಾರದ ಕ್ರಮವೇ! ಮನೆಯವರು ಏನೇ ಅನ್ನಲಿ, ನನ್ನ ಪಾಡಿಗೆ ನಾನು ಕಸ, ಪಾತ್ರೆ, ಬಟ್ಟೆ.

"ಆದ್ರೆ ಒಂದು ಅಪಾಯ ಇದೆ" ಎಂದು ಅವಳು ಶುರು ಮಾಡಿದಾಗ ನಾನು ಮಿಕ್ಸಿ ಹಾಕಿದೆ. ಅವಳ ಬಾಯಿ ಆಡುತ್ತಿದ್ದದ್ದು ಕಂಡಿತು. ತಲೆಯಾಡಿಸಿದೆ.

ಆ ವಾರವಿಡೀ ಒಲೆಯ ಪಕ್ಕದಲ್ಲಿ ಮಗಳ ಪ್ಲಾಸ್ಟಿಕ್ ಬೋರ್ಡು ಹರಡಿಕೊಂಡು ಅಭ್ಯಾಸ. ಒಂದು ಬಿಳಿ ಒಂಟೆ ಕಳೆದುಹೋಗಿದ್ದರಿಂದ ಆ ಮನೆಯಲ್ಲಿ ಬೆಳ್ಳುಳ್ಳಿ ಎಸಳು ನಿಲ್ಲಿಸಿದ್ದೆ. ಬುಧವಾರ ದಾಳಿಯ ಭರದಲ್ಲಿ ಅದನ್ನೇ ಜಜ್ಜಿ ಬಾಣಲೆಗೆ ಹಾಕಿದೆ! ಇಸ್ತ್ರಿ ಮಾಡುತ್ತಾ ರಾಣಿಯನ್ನು ಎಲ್ಲಿಡಲಿ ಎಂದು ಯೋಚಿಸಿದ್ದಕ್ಕೆ ಯಜಮಾನರ ಅಂಗಿಯ ಬೆನ್ನಿನ ಮೇಲೆ ಕಂದು ಬಣ್ಣದ ತ್ರಿಕೋನ ಮೂಡಿತು.

"ಲಂಡನ್ ಆದ್ರೆ ಸುರಕ್ಷಿತ, ಆದ್ರೆ ಮನಸ್ಸೆಲ್ಲ ಇಟಲಿ ಕಡೇನೇ ಎಳೀತಿದೆ" ಎಂದು ಪಾತ್ರೆ ತೊಳೆಯುತ್ತಾ ಗೊಣಗಿಕೊಂಡಾಗ, ಅಂಗಿ ಹಿಡಿದು ಜಗಳಕ್ಕೆಂದೇ ಬಂದಿದ್ದ ಯಜಮಾನರು ಬಾಗಿಲಲ್ಲೇ ನಿಂತರು.

"ಈ ಅಂಗೀಲೇ ಕರ್ಕೊಂಡು ಹೋಗ್ತೀಯೋ, ಇನ್ನೊಂದು ಹೊಲಿಸ್ಕೊಳ್ಳಲೋ?"

ಭಾನುವಾರ ಅಣ್ಣ ಅತ್ತಿಗೆ ಬಂದರು. ಅಣ್ಣ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಿದ್ದ. ಊಟದ ಮೇಜಿನ ಮೇಲೆ ತೆರೆದ. ಹಳೆಯ ಮರದ ವಾಸನೆ ಮೂಗಿಗೆ ತಾಕಿದ್ದೇ ತಡ, ಚಾಪೆ, ಅಪ್ಪನ ಮಡಿಸಿದ ಕಾಲು, ಅವರ ಬೆರಳಿನ ನಡುವೆ ತಿರುಗುತ್ತಿದ್ದ ಸಿಪಾಯಿ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಸೊಟ್ಟ ಕಿವಿಯ ಕುದುರೆ ಈಗಲೂ ಕದ್ದು ಕೇಳುತ್ತಿತ್ತು. ಕಣ್ಣು ಒದ್ದೆಯಾಯಿತು. ಈರುಳ್ಳಿ ಎಂದು ಸುಳ್ಳು ಹೇಳಿದೆ.

ತೀರ್ಮಾನ ಆಗಿಹೋಗಿತ್ತು: ಲಂಡನ್. ರಾಣಿಯ ಸಿಪಾಯಿಯ ಕಡೆ ಕೈ ಚಾಚಿದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಬೆಚ್ಚಿಬಿದ್ದೆ. ನೋಡಿದರೆ ಕೈ ತನ್ನ ಹಳೆಯ ಅಭ್ಯಾಸದಂತೆ ರಾಜನ ಸಿಪಾಯಿಯನ್ನು ಎರಡು ಮನೆ ತಳ್ಳಿಬಿಟ್ಟಿದೆ!

"ಅಲ್ಲ, ಅದು..."

"ಮುಟ್ಟಿದ್ರೆ ಮುಗೀತು. ಅಪ್ಪನ ಕಾನೂನು" ಎಂದ ಅಣ್ಣ. ಅವನ ಮುಖ ಮಾತ್ರ ಹಬ್ಬವಾಗಿತ್ತು.

ಲಂಡನ್ ವಿಮಾನ ತಪ್ಪಿತು, ಇಟಲಿಗೇ ಹೊರಟೆ. ಕುದುರೆ, ಒಂಟೆ, ಮತ್ತೆ ಅದೇ ಕುದುರೆಯ ಇನ್ನೊಂದು ನೆಗೆತ. ಈಗ ನನ್ನ ಕುದುರೆ, ಒಂಟೆ ಎರಡರ ಕಣ್ಣೂ ಆ ಬಡಪಾಯಿ ಸಿಪಾಯಿಯ ಮೇಲೆ. ಅಣ್ಣ ನಡುವೆ ಒಂದು ಸಿಪಾಯಿಯನ್ನು ತಂದು ಒಂಟೆಯ ದಾರಿಗೆ ಅಡ್ಡ ನಿಲ್ಲಿಸಿದ. ಅದನ್ನು ನನ್ನ ಸಿಪಾಯಿ ತಿಂದಿತು. ಇಲ್ಲಿ ಸರಿಯಾದ ಉತ್ತರ ಅವನಿಗೆ ಗೊತ್ತು: ಇನ್ನೊಂದು ಕುದುರೆಯನ್ನು ಅಂಚಿಗೆ ಹಾರಿಸಿ ನನ್ನ ಒಂಟೆಯನ್ನು ಓಡಿಸುವುದು. ಹೈಸ್ಕೂಲಿನಲ್ಲೇ ಅದನ್ನು ಕಲಿತು ನನ್ನನ್ನು ಅಳಿಸಿದವನು ಅವನು. ಆದರೆ ಇಂದು ಸುಮ್ಮನೆ ಹತ್ತಿರದ ಕುದುರೆಯಿಂದ ಸಿಪಾಯಿಯನ್ನು ತಿಂದ.

ನಾನು ಗಾಬರಿಯಲ್ಲಿ ನನ್ನ ಕುದುರೆಯನ್ನು ಹಿಂದಕ್ಕೆ ಕರೆಯಲು ಕೈ ಎತ್ತಿದೆ. ಅಣ್ಣ ಜೋರಾಗಿ ಕೆಮ್ಮಿದ.

"ಒಲೆ ಮೇಲೆ ಏನೋ ಸೀದ ವಾಸನೆ ಪುಟ್ಟಿ. ನೋಡ್ಕೊಂಡು ಬಾ. ನಿಧಾನಕ್ಕೆ ಆಡು."

ಏನೂ ಸೀದಿರಲಿಲ್ಲ. ಬರುವ ದಾರಿಯಲ್ಲಿ ನಿಂತು ದೂರದಿಂದ ಹಲಗೆ ನೋಡಿದೆ. ಅಯ್ಯೋ, ದಾರಿ ತೆರೆದೇ ಇದೆ! ಸೌಟು ಹಿಡಿದೇ ಓಡಿ ಬಂದು ಕುದುರೆಯನ್ನು ಆ ಸಿಪಾಯಿಯ ಮೇಲೆ ಕುಟ್ಟಿದೆ. ಅವನ ರಾಣಿಗೂ ಆನೆಗೂ ಒಟ್ಟಿಗೆ ಬೆದರಿಕೆ! ರಾಜನೇ ಎದ್ದು ಬಂದು ಕುದುರೆಯನ್ನು ತಿನ್ನಬೇಕಾಯಿತು. ನನ್ನ ರಾಣಿ ಹೊರಬಂದು ಚೆಕ್ ಕೊಟ್ಟಳು. ಈಗಲೂ ಅವನಿಗೆ ಉಳಿಗಾಲವಿತ್ತು. ರಾಜನನ್ನು ಧೈರ್ಯವಾಗಿ ಮುಂದೆ ತಂದು ತನ್ನ ಕುದುರೆಗೆ ಕಾವಲು ನಿಲ್ಲಿಸಬೇಕು. ಅಣ್ಣ ರಾಜನನ್ನು ಮೂಲೆಯ ಆನೆಯ ಪಕ್ಕಕ್ಕೆ ಸರಿಸಿದ. ನನ್ನ ಒಂಟೆ ಅವನ ಕುದುರೆಯನ್ನು ತಿಂದು ಚೆಕ್. ಅವನ ರಾಣಿ ಒಂಟೆಯನ್ನು ತಿಂದಳು. ನನ್ನ ರಾಣಿ ಅವನ ರಾಣಿಯನ್ನು ತಿಂದು ಮತ್ತೆ ಚೆಕ್. ಅಡ್ಡ ಬಂದ ಒಂಟೆಯನ್ನೂ ತಿಂದಳು. ರಾಜನ ಸುತ್ತ ಅವನದೇ ಆನೆ, ಒಂಟೆ, ಸಿಪಾಯಿಗಳು. ಅಲುಗಾಡಲು ಜಾಗವಿಲ್ಲ.

"ಚೆಕ್‌ಮೇಟ್!" ಎಂದು ಸೌಟನ್ನು ಖಡ್ಗದಂತೆ ಎತ್ತಿದೆ. ಅದರಲ್ಲಿದ್ದ ಬೇಳೆ ಯಜಮಾನರ ಇನ್ನೊಂದು ಅಂಗಿಯ ಮೇಲೆ ಬಿತ್ತು. "ಇಟಲಿ ಅಂದ್ರೆ ಇಟಲಿ! ಅಪ್ಪ ಇರ್ಬೇಕಿತ್ತು ನೋಡೋಕೆ!"

ಇಷ್ಟು ಹೊತ್ತು ಸೋಫಾದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಅತ್ತಿಗೆ ಎರಡೂ ಕೈ ಮುಗಿದರು.

"ಅಂತೂ ಸೋತ್ರಲ್ಲ! ಕೆಮ್ಮಿ ಕೆಮ್ಮಿ ಸೋಲ್ಬೇಕಾಯ್ತು!"

ನನ್ನ ಖಡ್ಗ ಕೆಳಗಿಳಿಯಿತು.

"ಏನಂದ್ರಿ ಅತ್ತಿಗೆ?"

ಅಣ್ಣ ಚಾವಣಿ ನೋಡಿದ. ಅತ್ತಿಗೆಯ ಕಟ್ಟೆಯೊಡೆಯಿತು. "ಮತ್ತೇನು ಮಾಡ್ಲಿ? ರಿಟೈರ್ ಆದಾಗಿಂದ ಊಟದ ಮೇಜಿನ ತುಂಬ ಈ ಬೋರ್ಡೇ. ಯಾರೂ ಮುಟ್ಟೋ ಹಾಗಿಲ್ಲ. ನಾವೆಲ್ಲ ತೊಡೆ ಮೇಲೆ ತಟ್ಟೆ ಇಟ್ಕೊಂಡು ಉಣ್ಬೇಕು. ಎರಡೂ ಕಡೆ ಇವರೇ ಆಡ್ತಾರೆ. ಕಪ್ಪು ತಾನಂತೆ. ಬಿಳಿ ಕಡೆ ಕೂತ್ಕೊಂಡು 'ಇಲ್ಲಿ ಪುಟ್ಟಿ ಹೀಗೆ ಆಡ್ತಾಳೆ, ಆಮೇಲೆ ತುಟಿ ಕಚ್ತಾಳೆ' ಅಂತಾರೆ. ನಾನೇ ಹೇಳ್ದೆ, ಹೋಗಿ ಸೋತು ಬನ್ನಿ, ಆ ಪೆಟ್ಟಿಗೆ ಅವಳ ಹತ್ರಾನೇ ಇರ್ಲಿ ಅಂತ."

ನನಗೆ ನಗು, ಅಳು, ಸಿಟ್ಟು ಮೂರೂ ಸಾಲಾಗಿ ಬಂದವು. ಇಷ್ಟು ವರ್ಷ ನನ್ನ ಜಾಗದಲ್ಲಿ ನನ್ನನ್ನೇ ಕೂರಿಸಿಕೊಂಡು ಆಡುತ್ತಿದ್ದನೇ ಈ ಮಹಾನುಭಾವ! ಸುಮ್ಮನೆ ಒಂದು ಫೋನು ಮಾಡಬಾರದಿತ್ತೇ? ನಾನಾದರೂ ಮಾಡಬಹುದಿತ್ತು.

ಆದರೆ ಕೊನೆಗೆ ಗೆದ್ದದ್ದು ಸಿಟ್ಟೇ. "ಭಿಕ್ಷೆ ಗೆಲುವು ನಂಗೆ ಬೇಡ! ಜೋಡಿಸು ಕಾಯಿ. ನಿಜವಾಗಿ ಆಡು!"

"ಬೇಡ ಕಣೇ, ಊಟ..."

"ಆಡ್ತೀಯೋ ಇಲ್ವೋ?"

"ಬೇಡಮ್ಮಾ, ಬೇಡ!" ಎಂದು ಅತ್ತಿಗೆ ಅಂಗಲಾಚಿದರು. ಕೇಳುವವರಾರು?

ಈ ಸಲ ನೆಟ್ಟಗೆ ಲಂಡನ್. ರಾಣಿಯ ಸಿಪಾಯಿ, ಒಂಟೆ ಹೊರಗೆ, ಗೋಡೆಯ ಮೊದಲ ಕಲ್ಲು, ಎರಡನೆಯ ಕಲ್ಲು. ಅಚ್ಚುಕಟ್ಟು ಸಂಸಾರ! ಅಣ್ಣ ರಾಣಿಯನ್ನು ಓರೆಯಾಗಿ ತಂದು ನಿಲ್ಲಿಸಿದ. ಇರಲಿ, ಅವರು ಏನೇ ಆಡಲಿ, ನಾನು ಅದೇ ನಡೆ. ಕುದುರೆ ಹೊರಗೆ. ರಾಣಿ ಸರ್ರನೆ ಬಂದು ನನ್ನ ಮೂಲೆಯ ಪಕ್ಕದ ಸಿಪಾಯಿಯನ್ನು ತಿಂದಳು. ಹೊರಗೆ ಹೋದ ಒಂಟೆ ಆವರೆಗೂ ಕಾಯುತ್ತಿದ್ದ ಸಿಪಾಯಿ ಅದು! ಅಷ್ಟರಲ್ಲಿ ಮೇಲಿನ ನೀರಿನ ಟ್ಯಾಂಕ್ ತುಂಬಿ ಸುರಿಯತೊಡಗಿತು. ಮೋಟಾರ್ ಆರಿಸಲು ಓಡುತ್ತಾ ಮುಂದಿನ ನಡೆಯನ್ನೂ ತಳ್ಳಿಹೋದೆ: ಇನ್ನೊಂದು ಒಂಟೆ, ಕ್ರಮದ ಪ್ರಕಾರ.

ಹಿಂತಿರುಗಿದಾಗ ನನ್ನ ಆನೆ ಮೇಜಿನಂಚಿನಲ್ಲಿ ಮಲಗಿತ್ತು.

"ಅಮ್ಮಾ! ಅವರ ರಾಣಿ ಆ ಕಡೆ ಬಂದ್ರೆ ನಿನ್ನ ರಾಣೀನ ತಂದು ಎದುರು ನಿಲ್ಲಿಸು ಅಂತ ಹೇಳಿದ್ನಲ್ಲ. ತಲೆ ಬೇರೆ ಆಡಿಸಿದೆ!" ಎಂದಳು ಮಗಳು.

ಅನ್ನ ಆರುವುದರೊಳಗೆ ನಾನು ಸೋತಿದ್ದೆ. ಅಣ್ಣ ನಗು ತಡೆಯಲು ಮೀಸೆ ಕಚ್ಚುತ್ತಿದ್ದ. ನಾನು ತುಟಿ ಕಚ್ಚಿಕೊಂಡಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಚಾಪೆಯ ಮೇಲಿದ್ದ ಎರಡು ಮಕ್ಕಳಂತೆ ಬಿದ್ದು ಬಿದ್ದು ನಕ್ಕೆವು.

ನಗದೇ ಇದ್ದವರು ಅತ್ತಿಗೆ ಒಬ್ಬರೇ. ಕಾನೂನಿನ ಪ್ರಕಾರ ಗೆದ್ದವರ ಬಳಿ ಪೆಟ್ಟಿಗೆ! ಸಂಜೆ ಗೇಟಿನ ಬಳಿ ಅದನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತವರು ಕಿಟಕಿ ಇಳಿಸಿ ನನ್ನ ಕೈ ಹಿಡಿದರು.

"ಮುಂದಿನ ಭಾನುವಾರ ನಾವು ಮತ್ತೆ ಬರ್ತೀವಿ. ಕುಕ್ಕರ್, ಟ್ಯಾಂಕು, ಒಲೆ, ಎಲ್ಲ ನಾನು ನೋಡ್ಕೋತೀನಿ. ನೀವು ಅಡುಗೆಮನೆಗೆ ಕಾಲೇ ಇಡ್ಬೇಡಿ. ಸುಮ್ನೆ ಕೂತು, ಹೇಗಾದ್ರೂ ಮಾಡಿ, ದಯವಿಟ್ಟು ಒಂದಾಟ ಗೆಲ್ರಮ್ಮಾ!"