ಜೋಡಗಲ್ಲಿನಿಂದ ಹೊಳ್ಳಿ ಬಂದದ್ದು

ನಿಯಮ ಬರೆಯುವುದರಲ್ಲಿ ಒಂದು ಸುಖವಿದೆ. ಬರೆಯುವ ಹೊತ್ತಿಗೆ ಮುಂದೆ ಚಹಾ ಇರುತ್ತದೆ, ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ, ಮುಖ್ಯವಾಗಿ ಹೊಟ್ಟೆ ತೆಪ್ಪಗಿರುತ್ತದೆ. ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು. ರವಿವಾರ ಗುಡ್ಡ ಹತ್ತುವ ನಮ್ಮ ಏಳು ಜನರ ಗುಂಪಿಗೆ ನಾನೇ ಮುಖ್ಯಸ್ಥ. ಯಾರೂ ಆರಿಸಿದ್ದಲ್ಲ, ಸೀಟಿ ನನ್ನ ಹತ್ತಿರ ಇತ್ತು ಅಷ್ಟೇ. ಒಂದು ರಜೆಯಲ್ಲಿ ಕುಳಿತು ಗುಂಪಿಗೆ ಹತ್ತು ನಿಯಮ ಬರೆದೆ. ಅದರಲ್ಲಿ ನಾಲ್ಕನೆಯದು ಹೀಗಿತ್ತು: 'ಹೊಟ್ಟೆ ಕೆಟ್ಟವರು ಕೂಡಲೇ ಹೇಳಬೇಕು. ಜೋಡಗಲ್ಲು ದಾಟುವ ಮೊದಲೇ ಹಿಂದಿರುಗಬೇಕು. ವಾದಕ್ಕೆ ಅವಕಾಶವಿಲ್ಲ.' ಕೊನೆಯ ವಾಕ್ಯದ ಮೇಲೆ ನನಗೆ ಬಹಳ ಪ್ರೀತಿ.

ಜೋಡಗಲ್ಲು ಎಂದರೆ ಸವದತ್ತಿಯಿಂದ ರಾಮದುರ್ಗದ ಕಡೆ ಹೊರಳುವ ಗುಡ್ಡದ ಸಾಲಿನಲ್ಲಿ ಒಂದಕ್ಕೊಂದು ಆತು ನಿಂತ ಎರಡು ಬಂಡೆ. ಕೆಳಗಿನ ಹಳ್ಳಿಯಿಂದ ಅಲ್ಲಿಗೆ ನಾಲ್ಕು ಕಿಲೋಮೀಟರು. ಅಲ್ಲಿಂದ ಮುಂದೆ ಕಟಕೋಳದ ಕಡೆ ಇಳಿಯುವವರೆಗೆ ಎಂಟು ಕಿಲೋಮೀಟರು ಬೋಳು ಗುಡ್ಡದ ನೆತ್ತಿ. ನೀರಿಲ್ಲ, ನೆರಳಿಲ್ಲ, ನಡುವೆ ಎಲ್ಲೂ ರಸ್ತೆಗೆ ಇಳಿಯುವ ದಾರಿಯಿಲ್ಲ. ನಮ್ಮನ್ನು ಬಿಟ್ಟ ಟೆಂಪೋ ಸುತ್ತುಹಾಕಿ ಹೋಗಿ ಆ ತುದಿಯಲ್ಲಿ ಕಾಯುತ್ತದೆ. ಆದ್ದರಿಂದ ಹಿಂದಿರುಗುವವರು ಜೋಡಗಲ್ಲಿನಲ್ಲೇ ಹಿಂದಿರುಗಬೇಕು. ಅದನ್ನು ದಾಟಿ ಎರಡು ಕಿಲೋಮೀಟರು ನಡೆದ ಮೇಲೆ ಹಿಂದೂ ಅಷ್ಟೇ ದೂರ, ಮುಂದೂ ಅಷ್ಟೇ ದೂರ.

ನಾಲ್ಕನೆಯ ನಿಯಮದ ಮೊದಲ ಬಲಿ ನನ್ನ ಹೆಂಡತಿಯ ತಮ್ಮ ಪ್ರಲ್ಹಾದ. ಬಜಾರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ನನ್ನ ನಿಯಮಗಳನ್ನು ಪುಕ್ಕಟೆಯಾಗಿ ಝೆರಾಕ್ಸ್ ಮಾಡಿಕೊಟ್ಟವನೂ ಅವನೇ. ಹೋದ ವರ್ಷ ಇದೇ ದಾರಿಯಲ್ಲಿ ಅವನ ಹೊಟ್ಟೆ ಕೆಟ್ಟಿತು. "ಭಾವಾರ, ಒಂದ್ ತಾಸು ಕುಂತ್ರ ಸರಿ ಆಗತದ್ರೀ," ಎಂದು ಪಾಪ ಕೈಮುಗಿದ. ನಾನು ಜೇಬಿನಿಂದ ಕಾಗದ ತೆಗೆದು ನಾಲ್ಕನೆಯ ನಿಯಮವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಒಂದು ಬಾಟಲಿ ನೀರು ಕೈಗಿಟ್ಟು ಒಬ್ಬನನ್ನೇ ಕೆಳಗೆ ಕಳಿಸಿದೆ. ಅವನ ಜೊತೆ ಯಾರಾದರೂ ಹೋಗಬೇಕು ಎಂಬುದು ನನ್ನ ಹತ್ತು ನಿಯಮಗಳಲ್ಲಿ ಎಲ್ಲೂ ಇರಲಿಲ್ಲ. ಅವತ್ತಿನಿಂದ ಮನೆಯ ಊಟಗಳಲ್ಲಿ ಅವನು ನನಗೆ ಸಾರು ಬಡಿಸುತ್ತಾನೆ, ಮಾತು ಬಡಿಸುವುದಿಲ್ಲ.

ಈ ವರ್ಷ ಫೆಬ್ರುವರಿಯಲ್ಲಿ ಮತ್ತೆ ಅದೇ ದಾರಿ ಎಂದು ನಿಗದಿಯಾಯಿತು. ಹಿಂದಿನ ದಿನ ಶನಿವಾರ ಕಿತ್ತೂರಿನಲ್ಲಿ ಪರಿಚಯದವರ ಮನೆಯ ವಾಸ್ತುಶಾಂತಿ. ನಾನು ಅಲ್ಲಿಗೆ ಮುಟ್ಟಿದಾಗ ಮೂರನೆಯ ಪಂಕ್ತಿ ಕೂತಿತ್ತು. ಮುಂಜಾನೆಯಿಂದ ಮಂಟಪದ ಹೊರಗಿನ ಬಿಸಿಲಲ್ಲೇ ಕುಳಿತಿದ್ದ ಶ್ರೀಖಂಡದ ಪಾತೇಲಿ ನನ್ನ ಮುಂದೆ ಬಂತು. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ, "ಅಯ್ಯ, ಇಷ್ಟ ನಾಚಿದ್ರ ಹೆಂಗ್ರೀ ಸರ್," ಎಂದು ಬೆರಳ ಸಂದಿಯಲ್ಲೇ ಬಡಿಸಿದರು. ನಮ್ಮ ಕಡೆ ಒತ್ತಾಯ ಮಾಡದಿದ್ದರೆ ಬಡಿಸಿದಂತೆಯೇ ಅಲ್ಲ, ಒತ್ತಾಯಕ್ಕೆ ಮಣಿಯದಿದ್ದರೆ ಉಂಡಂತೆಯೂ ಅಲ್ಲ. ಹಾಲುಮೊಸರಿನ ಪದಾರ್ಥ ಬಿಸಿಲಿಗಿಟ್ಟರೆ ಏನಾಗುತ್ತದೆ ಎಂದು ಒಂಬತ್ತನೆಯ ಇಯತ್ತೆಗೆ ವರ್ಷಾ ವರ್ಷ ಚಿತ್ರ ಬರೆದು ಕಲಿಸುವ ನಾನು ಎರಡು ಸಲ ಹಾಕಿಸಿಕೊಂಡೆ. ಪೂರಿಯನ್ನಂತೂ ಎಣಿಸಲಿಲ್ಲ.

ರವಿವಾರ ಬೆಳಗಿನ ಐದಕ್ಕೇ ಎರಡು ಸಲ ಆಯಿತು. ನೀರು ನೀರು. "ಏನ್ರೀ, ಆರಾಮ ಇದ್ದೀರಿಲ್ಲೋ?" ಎಂದು ಹೆಂಡತಿ ಸುಧಾ ಹೊರಗಿನಿಂದ ಕೇಳಿದಳು. "ಹೊಟ್ಟಿ ಸ್ವಚ್ಛ ಆತು, ಹಗರ ಅನಸ್ತದ," ಎಂದೆ. ಹಳ್ಳಿ ಮುಟ್ಟುತ್ತಲೇ ಮೂರನೆಯ ಸಲ. ಆಗಲೂ ಹೇಳಬಹುದಿತ್ತು. ಆದರೆ ಪ್ರಲ್ಹಾದ ಬೂಟಿನ ಲೇಸು ಕಟ್ಟುತ್ತ ನನ್ನನ್ನೇ ನೋಡುತ್ತಿದ್ದ. ಹೇಳುವುದಾದರೂ ಹೇಗೆ? ಮರೆಯಲ್ಲಿ ನಿಂತು ಭೇದಿ ನಿಲ್ಲಿಸುವ ಗುಳಿಗೆ ನುಂಗಿದೆ, ಸೀಟಿ ಊದಿದೆ.

ಆ ಗುಳಿಗೆ ಕರುಳಿನ ಓಟವನ್ನು ನಿಧಾನ ಮಾಡುತ್ತದೆ, ಅಷ್ಟೇ. ಹೋದ ನೀರನ್ನು ಅದು ತಂದುಕೊಡುವುದಿಲ್ಲ, ಒಳಗೆ ಕುಳಿತ ರೋಗಾಣುವನ್ನು ಕೊಲ್ಲುವುದೂ ಇಲ್ಲ. ನನಗೆ ಇದು ಗೊತ್ತು. ಗೊತ್ತಿದ್ದೂ ಒಂದು ತಾಸು ಹುರುಪಿನಿಂದ ನಡೆದೆ, ದಾರಿಯಲ್ಲಿ ಕಲ್ಲುಗಳ ವಯಸ್ಸಿನ ಮೇಲೆ ಸಣ್ಣ ಭಾಷಣವನ್ನೂ ಮಾಡಿದೆ. ಜೋಡಗಲ್ಲು ಕಣ್ಣಿಗೆ ಬಿದ್ದಾಗ ಹೊಟ್ಟೆಯಲ್ಲಿ ಹಿಂಡಿದಂತಾಯಿತು. "ಒಂದ್ ಫೋಟೊ ತಕ್ಕೊಂಡ್ ಬರತೇನಿ," ಎಂದು ಚೀಲದಿಂದ ನೆಲ ತೋಡುವ ಕುರಪಿ ತೆಗೆದುಕೊಂಡು ಹೊರಟೆ. ಫೋಟೊ ತೆಗೆಯಲು ಕುರಪಿ ಯಾಕೆ ಎಂದು ಯಾರೂ ಕೇಳಲಿಲ್ಲ, ಅದು ಅವರ ದೊಡ್ಡತನ.

ಎಂಟನೆಯ ನಿಯಮದ ಪ್ರಕಾರ ದಾರಿಯಿಂದಲೂ ನೀರಿನಿಂದಲೂ ಎಪ್ಪತ್ತು ಹೆಜ್ಜೆ ದೂರ ಹೋಗಬೇಕು, ಒಂದು ಗೇಣು ಆಳ ತೋಡಬೇಕು, ಆಮೇಲೆ ಮಣ್ಣು ಮುಚ್ಚಬೇಕು. ಆ ಗುಡ್ಡದ ಮೇಲೆ ಮೊಣಕಾಲಿಗಿಂತ ಎತ್ತರದ ಗಿಡವೇ ಇಲ್ಲ. ಎಪ್ಪತ್ತು ಹೆಜ್ಜೆ ಹೋದರೂ ನಾನು ಎಲ್ಲರಿಗೂ ಕಾಣುತ್ತಿದ್ದೆ. ಇನ್ನೂ ಐವತ್ತು ಹೆಜ್ಜೆ ಓಡಿ ಒಂದು ತಗ್ಗು ಹಿಡಿದೆ. ಗರಸು ನೆಲ, ಕುರಪಿ ಠಣ್ ಎನ್ನುತ್ತದೆಯೇ ಹೊರತು ಇಳಿಯುವುದಿಲ್ಲ. ಒಂದು ಗೇಣು ಎಂದು ಬರೆದ ಮಹಾನುಭಾವನನ್ನು ಮನಸಾರೆ ಬೈದೆ. ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಸಮಯ ಮುಗಿಯಿತು, ಮೇಲೆ ಕಲ್ಲು ಹೇರಿ ಮುಚ್ಚಬೇಕಾಯಿತು. ಎದ್ದು ನಿಂತಾಗ ಗುಡ್ಡ ಒಂದು ಸುತ್ತು ತಿರುಗಿತು. ಆಗ ನೆನಪಾಯಿತು: ಬೆಳಗಿನಿಂದ ಒಂದೂವರೆ ಲೀಟರ್ ನೀರು ಕುಡಿದಿದ್ದೇನೆ, ಮೂತ್ರಕ್ಕೆ ಮಾತ್ರ ಒಂದು ಸಲವೂ ಹೋಗಿಲ್ಲ.

ಹಾಗಿದ್ದೂ ಮುಂದೆ ಹೋಗಲು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಎಂಟು ಕಿಲೋಮೀಟರು, ಮೂರು ತಾಸು, ಇನ್ನೊಂದು ಗುಳಿಗೆ. ಹಿಂದಕ್ಕೆ ಹೊಳ್ಳಿದರೆ ಪ್ರಲ್ಹಾದ ನಗುತ್ತಾನೆ. ಬೈಲಹೊಂಗಲದ ತುಂಬ ಝೆರಾಕ್ಸ್ ಹಂಚಿದಂತೆ ಸುದ್ದಿ ಹಂಚುತ್ತಾನೆ. ಪ್ರಾಣ ಹೋದರೂ ಚಿಂತೆಯಿಲ್ಲ ಎನ್ನುವಷ್ಟು ಶೂರ ನಾನಲ್ಲ, ಆದರೆ ಮಾನ ಹೋಗಬಾರದು ಎನ್ನುವಷ್ಟು ಮೂರ್ಖ ಹೌದು.

ಬಂಡೆಯ ನೆರಳಿಗೆ ಬಂದರೆ ಎಲ್ಲರೂ ದುಂಡಗೆ ಕೂತಿದ್ದರು. ನಮ್ಮ ಗುಂಪಿನ ಪದ್ಧತಿ ಒಂದಿದೆ. ಎಲ್ಲರ ಬುತ್ತಿಯನ್ನೂ ಒಂದೇ ಬಟ್ಟೆಯ ಮೇಲೆ ಬಿಚ್ಚುತ್ತಾರೆ. ಮುಖ್ಯಸ್ಥ ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿಯನ್ನು ಮೊಸರಲ್ಲಿ ತನ್ನ ಕೈಯಾರೆ ಕಲಸಿ, ಒಬ್ಬೊಬ್ಬರ ಕೈಗೆ ಕೊಡುತ್ತಾನೆ. ಅವನು ಕೊಡುವವರೆಗೆ ಯಾರೂ ಬಾಯಿಗೆ ಹಾಕುವುದಿಲ್ಲ. ಈ ಪದ್ಧತಿ ಹಾಕಿದವನೂ ನಾನೇ. ಆರು ಜನ ಕೈ ಚಾಚಿ ಕಾಯುತ್ತಿದ್ದರು. ನಾನು ರೊಟ್ಟಿ ಎತ್ತಿಕೊಂಡೆ. ಕುರಪಿ ಹಿಡಿದ ಕೈ. ಸಾಬೂನು ಚೀಲದಲ್ಲೇ ಇತ್ತು, ಅದನ್ನು ತೆಗೆದರೆ ಗುಟ್ಟು ಬಯಲಾಗುತ್ತದೆ ಎಂದು ನೀರಲ್ಲಷ್ಟೇ ತೊಳೆದುಕೊಂಡಿದ್ದೆ. ಈ ಒಂದು ರೊಟ್ಟಿ ಮುರಿದರೆ ನಾಳೆ ಆರು ಮನೆಗಳಲ್ಲಿ ನನ್ನ ಕಥೆಯೇ ನಡೆಯುತ್ತದೆ. ಇವತ್ತೇ ಶುರುವಾದರೆ ನೀರಿಲ್ಲದ ನೆತ್ತಿಯ ಮೇಲೆ ಏಳು ಜನ ಒದ್ದಾಡಬೇಕು.

ರೊಟ್ಟಿಯನ್ನು ತಿರುಗಿ ಇಡಲಿಲ್ಲ, ನನ್ನ ಕಡೆಗೇ ಎಳೆದುಕೊಂಡೆ. "ಇದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದೆ. "ನನಗ ಹೊಟ್ಟಿ ಕೆಟ್ಟದ. ನಸುಕಿನ್ಯಾಗಿಂದ ನಾಲ್ಕು ಸಲ ಆತು."

ಗುಂಪಿನಲ್ಲಿ ಕಾಂಬಳೆ ಸಿಸ್ಟರ್ ಇದ್ದಾರೆ, ಸರಕಾರಿ ದವಾಖಾನೆಯಲ್ಲಿ ನರ್ಸ್. ಅವರು ಗದರಲಿಲ್ಲ, ತಕ್ಷಣ ವಿಚಾರಣೆ ಶುರು ಮಾಡಿದರು. "ಜ್ವರಾ ಐತೇನ್ರಿ ಸರ್? ರಕ್ತಾ? ವಾಂತಿ?" ಇಲ್ಲ, ಇಲ್ಲ, ಇಲ್ಲ. "ಉಚ್ಚಿ ಯಾವಾಗ ಹೋಗಿದ್ರಿ?" ಮನೆಗೆಲಸ ಮಾಡದ ಮಕ್ಕಳಂತೆ, ಬೆಳಗಿನಿಂದ ಒಮ್ಮೆಯೂ ಇಲ್ಲ ಎಂದು ಒಪ್ಪಿಕೊಂಡೆ. ಗುಳಿಗೆಯ ವಿಷಯವನ್ನೂ ಹೇಳಿದೆ. "ಚಲೋ ಮಾಡೀರಿ! ಜ್ವರಾ, ರಕ್ತಾ ಇದ್ದು ಅದನ್ನ ನುಂಗಿದ್ರ ಹೊಲಸೆಲ್ಲಾ ಒಳಗ ಕುಂದರತಿತ್ತು. ಇನ್ನೊಂದ್ ನುಂಗಬ್ಯಾಡ್ರಿ," ಎಂದು ಡಬ್ಬಿಯಿಂದ ಓಆರ್‌ಎಸ್ ಪುಡಿ ತೆಗೆದು ಪೂರಾ ಒಂದು ಲೀಟರ್ ಬಾಟಲಿಗೆ ಪೂರಾ ಒಂದು ಪ್ಯಾಕೆಟ್ ಸುರಿದರು. ಅಂದಾಜಿನ ಮೇಲೆ ಹಾಕಿದರೆ ಉಪ್ಪು ಹೆಚ್ಚಾಗಿ ಇದ್ದ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸರಿಯಾಗಿ ಕಲಸಿದರೆ ಸಕ್ಕರೆಯ ಜೊತೆ ಉಪ್ಪು ಕರುಳಿನ ಒಳಗೆ ಸೇರುತ್ತದೆ, ಉಪ್ಪಿನ ಬೆನ್ನಿಗೆ ನೀರು. ಬರೀ ನೀರು ಕುಡಿದ ನನಗೆ ಅದು ದಕ್ಕದೇ ಇದ್ದದ್ದು ಅದಕ್ಕೇ. "ಗಟಗಟ ಕುಡೀಬ್ಯಾಡ್ರಿ, ಗುಟುಕು ಗುಟುಕು. ಪ್ರತಿ ಸಲ ಆದಮ್ಯಾಲೆ ಒಂದ್ ಗ್ಲಾಸ್. ಮುಂದ ಬರೂ ಮಾತು ಬಿಡ್ರಿ. ಮುಂದ ಬಿದ್ರ ನಾಲ್ಕು ಮಂದಿ ಹೊರಬೇಕು, ಕೆಳಗ ಇಳದ್ರ ಬಾವಿ ಐತಿ, ರಸ್ತೆ ಐತಿ."

ನಾನು ಸೀಟಿಯನ್ನು ಕೊರಳಿಂದ ತೆಗೆದು ಅವರಿಗೆ ಕೊಟ್ಟೆ. "ಹೋಗತೇನಿ, ದಾರಿ ಗೊತ್ತದ," ಎಂದು ಎದ್ದೆ. ಪ್ರಲ್ಹಾದನೂ ಎದ್ದ. ಅವನ ಕೈಯಲ್ಲಿ ನನ್ನ ಚೀಲ.

"ನೀ ಎಲ್ಲಿ? ನೀ ಮುಂದ ಹೋಗು, ಹೋದ ವರ್ಷಾನೂ ನಿನಗ ತುದಿ ಮುಟ್ಟಲಿಕ್ಕೆ ಆಗಲಿಲ್ಲ," ಎಂದೆ.

"ತುದಿ ಎಲ್ಲಿ ಓಡಿ ಹೋಗತದ್ರೀ ಭಾವಾರ? ನಡೀರಿ. ತಲಿ ತಿರಗೂ ಮನಷ್ಯಾನ್ನ ಒಬ್ಬನ್ನ ಕಳಸಲಿಕ್ಕೆ ಬರತದೇನು?"

ಅವನು ಚುಚ್ಚಿ ಹೇಳಲಿಲ್ಲ, ಸಹಜವಾಗಿ ಹೇಳಿದ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಅರ್ಧ ಕಿಲೋಮೀಟರು ಇಳಿದಿರಲಿಲ್ಲ, ಹೊಟ್ಟೆ ಮತ್ತೆ ಹಿಂಡಿತು. ನಾಲ್ಕೂ ದಿಕ್ಕಿಗೆ ಕಣ್ಣಾಡಿಸಿದೆ, ಬರೀ ಬಯಲು. ಪ್ರಲ್ಹಾದ ಅವಸರವಿಲ್ಲದೆ ಬೆರಳು ಮಾಡಿ ತೋರಿಸಿದ. "ಆ ಕರೇ ಕಲ್ಲಿನ ಹಿಂದ ಹೋಗ್ರಿ. ಮಣ್ಣು ಮೆತ್ತಗದ, ಗಾಳಿ ಬರಂಗಿಲ್ಲ. ದಾರ್‍ಯಾಗ ಯಾರ ಬಂದ್ರೂ ಕಾಣಂಗಿಲ್ಲ."

ಹೋಗಿ ನೋಡಿದರೆ ಹೌದು, ಕುರಪಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಪೂರಾ ಒಂದು ಗೇಣು. ತಿರುಗಿ ಬಂದಾಗ ಅವನು ಸಾಬೂನು ಹಿಡಿದು ಕೈಗೆ ನೀರು ಹಾಕಿದ, ಒಂದು ಗ್ಲಾಸ್ ಓಆರ್‌ಎಸ್ ಕುಡಿಸಿದ. "ಹಿಂತಾವು ಕೆಳಗ ಇನ್ನೂ ಎರಡ ಅದಾವ," ಎಂದ.

"ನಿನಗ ಹೆಂಗ ಗೊತ್ತೋ?"

"ಹೋದ ವರ್ಷ ಹುಡಕೇನ್ರೀ. ಒಬ್ಬನ ಇದ್ನೆಲ್ಲಾ, ಬ್ಯಾರೆ ಕೆಲಸಾ ಏನಿತ್ತು?"

ಮೂರನೆಯ ಜಾಗದ ಹತ್ತಿರ ಅವತ್ತು ಅವನು ಕಣ್ಣು ಕತ್ತಲಿಟ್ಟು ಅರ್ಧ ತಾಸು ಮಲಗಿದ್ದನಂತೆ. ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ. "ಪ್ರಲ್ಹಾದ, ನಂದು ತಪ್ಪಾತೋ," ಎಂದೆ. ಇಪ್ಪತ್ತೆರಡು ವರ್ಷದ ಸಂಬಂಧದಲ್ಲಿ ಈ ಮಾತು ನನ್ನ ಬಾಯಿಂದ ಮೊದಲ ಸಲ ಬಂತು. ಅವನು ಗುಡ್ಡದ ಕಡೆ ನೋಡುತ್ತ, "ಅವತ್ತ ಇಲ್ಲಿ ಕುಂತು ನಿಮಗ ಬೇಕಾದಷ್ಟು ಬೈದೇನಿ ಬಿಡ್ರಿ, ಬಾಕಿ ಏನೂ ಉಳಿದಿಲ್ಲ," ಎಂದು ನಕ್ಕ. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ದೇಹದಲ್ಲಿ ಇನ್ನೂ ನೀರು ಉಳಿದಿದೆ ಎಂದು ಸಮಾಧಾನವಾಯಿತು.

ಎರಡನೆಯ ಜಾಗವನ್ನು ಬಳಸಿಕೊಂಡೆ, ಮೂರನೆಯದಕ್ಕೆ ಅಗತ್ಯ ಬೀಳಲಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಎರಡು ತಾಸು ಕುಳಿತು ಇನ್ನೊಂದು ಲೀಟರ್ ಮುಗಿಸಿದೆ. ಆಮೇಲೆ ಪಕ್ಕದ ಗೋಡೆಯ ಹಿಂದೆ ಮೂತ್ರಕ್ಕೆ ನಿಂತಿದ್ದಾಗ ಈಚೆಯಿಂದ ಪ್ರಲ್ಹಾದ ಕೂಗಿ ಕೇಳಿದ, "ಬಣ್ಣ ಹೆಂಗದರೀ ಭಾವಾರ?" "ತಿಳಿ ಹಳದಿ!" ಎಂದು ನಾನು ಫಲಿತಾಂಶ ಘೋಷಿಸಿದೆ. ಕಟ್ಟೆಯ ಮೇಲಿದ್ದ ಹಿರಿಯರಿಬ್ಬರು, ಪಾಪ, ಗೋಡೆಗೆ ಬಣ್ಣ ಹಚ್ಚಿಸುವವರು ಬಂದಿದ್ದಾರೆ ಎಂದುಕೊಂಡರು.

ಸೀಟಿ ಮತ್ತೆ ನನ್ನ ಕೊರಳಿಗೆ ಬಂದಿದೆ, ನಿಯಮಗಳು ಈಗ ಹನ್ನೊಂದಾಗಿವೆ. ಹನ್ನೊಂದನೆಯದು, ಹಿಂದಿರುಗುವವರನ್ನು ಒಬ್ಬರನ್ನೇ ಕಳಿಸಬಾರದು ಎಂಬುದು. 'ವಾದಕ್ಕೆ ಅವಕಾಶವಿಲ್ಲ' ಎಂಬ ನನ್ನ ಪ್ರೀತಿಯ ವಾಕ್ಯವನ್ನು ಅಲ್ಲಿಗೆ ವರ್ಗಾಯಿಸಿದ್ದೇನೆ. ಕಾಗದದ ಹಿಂಬದಿಗೆ ಪ್ರಲ್ಹಾದ ಒಂದು ನಕಾಶೆಯನ್ನೂ ಝೆರಾಕ್ಸ್ ಮಾಡಿದ್ದಾನೆ, ಅದರಲ್ಲಿ ಆ ಮೂರು ಜಾಗಗಳಿವೆ. ಮೊದಲನೆಯ ಕರಿಕಲ್ಲಿಗೆ 'ಸರ್ ಕಲ್ಲು' ಎಂದು ಹೆಸರು ಬರೆದಿದ್ದಾನೆ. ಮೊನ್ನೆ ಹೊಸದಾಗಿ ಸೇರಿದವರೊಬ್ಬರು ನಕಾಶೆ ನೋಡಿ, "ನಿಮ್ಮ ಹೆಸರ ಇಟ್ಟಾರಂದ್ರ ಅಲ್ಲಿ ಏನೋ ದೊಡ್ಡ ಸಾಧನಾ ಮಾಡಿರಬೇಕ್ರಿ ಸರ್," ಎಂದರು. ಪ್ರಲ್ಹಾದ ಬಾಯಿಗೆ ಟವೆಲು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ಕೊರಳಿನ ಸೀಟಿ ಸರಿಮಾಡಿಕೊಂಡು, "ಹಂಗೇನಿಲ್ರಿ, ಎಲ್ಲಾರ ಸಹಕಾರ ಇತ್ತು," ಎಂದೆ.