ಸುಮ್ಮನಿದ್ದರೆ ಒಪ್ಪಿದ ಹಾಗೆ

ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅರ್ಜಿ ಬರೆಸುವವರು, ಆಧಾರ್ ಪ್ರಿಂಟ್ ತೆಗೆಸುವವರು ಬರುತ್ತಾರೆ. ಇತ್ತೀಚೆಗೆ ಇನ್ನೊಂದು ಜಾತಿ ಗಿರಾಕಿ ಶುರುವಾಗಿದ್ದಾರೆ. ಅವರ ಕೈಯಲ್ಲಿ ಕನ್ನಡದ ಕಾಗದ ಇರುತ್ತದೆ, ಅದನ್ನು ಕನ್ನಡಕ್ಕೆ ಮಾಡಿಕೊಡಿ ಅನ್ನುತ್ತಾರೆ. ದೊಡ್ಡ ದೊಡ್ಡ ಕಚೇರಿಗಳು ಇಂಗ್ಲಿಷಿನಲ್ಲಿ ಬರೆದು ಕಂಪ್ಯೂಟರಿಗೆ ಹಾಕುತ್ತವೆ, ಕಂಪ್ಯೂಟರು ಕಕ್ಕಿದ್ದನ್ನು ಹಾಗೇ ಲಕೋಟೆಗೆ ತುರುಕುತ್ತವೆ. ಓದಿ ನೋಡುವ ಕೆಲಸ ಯಾರದ್ದೂ ಅಲ್ಲ. ವಾರಕ್ಕೊಂದಾದರೂ ಇಂಥದ್ದು ಬರುವುದರಿಂದ ನಾನು ನಗುವುದನ್ನು ಬಿಟ್ಟಿದ್ದೆ. ಆಮೇಲೆ ನಮ್ಮ ತಾತನಿಗೇ ಒಂದು ಬಂತು.

ಊರಿಗೆ ಮೆಟ್ರೋ ಬಂದದ್ದು

ತಾತ ಅಂಗಡಿಗೆ ಬಂದವನೇ ಗಿರಾಕಿಗಳನ್ನೆಲ್ಲ ಸರಿಸಿ ಕೂತ. ಮೊಮ್ಮಗಳಾದ ನನ್ನನ್ನು ಅವನು ಅವ್ವಾ ಅಂತಲೇ ಕರೆಯುವುದು.

"ಅವ್ವಾ, ಇದೇನು ನೋಡು. ಮೇಸ್ಟ್ರು, ಗೊಬ್ಬರದಂಗಡಿಯೋನು, ಮೆಂಬ್ರು, ಮೂರು ಜನದತ್ರ ಓದುಸ್ದೆ, ಮೂರು ತರ ಯೋಳುದ್ರು."

ನಮ್ಮೂರು ಗೆಜ್ಜಲಗೆರೆಗೆ ಹೋಗುವ ದಾರಿಯಿಂದ ಒಳಗಿದೆ. ಊರಿಗೂ ನಮ್ಮ ಕಬ್ಬಿನ ಗದ್ದೆಗಳಿಗೂ ನಡುವೆ ರೈಲು ಹಳಿ, ಹಳಿ ದಾಟಲು ಒಂದು ಗೇಟು. ಗೇಟಿಗೆ ಅಂಟಿಕೊಂಡ ಜಮೀನು ತಾತನದು. ಅದಕ್ಕೇ ರೈಲ್ವೆಯವರ ಕಾಗದ ಅವನ ಹೆಸರಿಗೆ ಬಂದಿತ್ತು.

ವಿಷಯ ಅಂತ ಬರೆದ ಕಡೆ ಹೀಗಿತ್ತು: "ಮನುಷ್ಯಸಹಿತ ಮಟ್ಟದ ದಾಟುವಿಕೆಯ ನಿರ್ಮೂಲನೆ ಮತ್ತು ಅದರ ಬದಲಿಗೆ ಸೀಮಿತ ಎತ್ತರದ ಸುರಂಗಮಾರ್ಗದ ಒದಗಿಸುವಿಕೆ."

"ಮೇಸ್ಟ್ರು ಏನಂದ್ರು?"

"ಮನುಷ್ಯರನ್ನ ನಿರ್ಮೂಲ್ನೆ ಮಾಡ್ತಾರಂತೆ ಕಣಪ್ಪ, ಸರ್ಕಾರ ಬೋ ಕೆಟ್ಟೋಗದೆ ಅಂದ್ರು."

"ಗೊಬ್ಬರದಂಗಡಿಯವರು?"

"ಸುರಂಗ ಅಂದ್ರೆ ಮೆಟ್ರೋ ಅಂದ. ಗದ್ದೆ ರೇಟು ಏರ್ತದೆ, ಮಾರ್ಬ್ಯಾಡ ಅಂದ."

"ಪಂಚಾಯ್ತಿ ಮೆಂಬರ್ರು?"

"ಅವ್ನು ಕನ್ನಡಕ ತಂದಿಲ್ಲ ಅಂದ. ನಾಲ್ಕು ದಿನದಿಂದ ತಂದಿಲ್ಲ."

ಸಂಜೆಯ ಹೊತ್ತಿಗೆ ಮೆಟ್ರೋ ಸುದ್ದಿ ಕೇಳಿ, ಮಂಡ್ಯದಿಂದ ಇಬ್ಬರು ಬ್ರೋಕರುಗಳು ಬೈಕಿನಲ್ಲಿ ಬಂದು ನಮ್ಮ ಗದ್ದೆ ಬದುವಿನ ಮೇಲೆ ನಿಂತು ಫೋಟೋ ತೆಗೆದುಕೊಂಡು ಹೋದರು. ಕಬ್ಬಿನ ನಡುವೆ ಸ್ಟೇಷನ್ನು ಎಲ್ಲಿ ಬರುತ್ತದೆ ಅಂತ ತಾತನನ್ನೇ ಕೇಳಿದರಂತೆ.

ಸಹಿ ಇಲ್ಲದ ಕೆಳಸಹಿದಾರ

ಇಂಥ ಕಾಗದ ಬಿಡಿಸಲು ನನ್ನದೊಂದು ದಾರಿ ಇದೆ. ಕನ್ನಡದ ಒಂದೊಂದು ಪದವನ್ನೂ ಬಂದ ದಾರಿಯಲ್ಲೇ ವಾಪಸ್ ಕಳಿಸುವುದು. ಇದು ಇಂಗ್ಲಿಷಿನಲ್ಲಿ ಏನಿದ್ದಿರಬಹುದು ಅಂತ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಬೇಕು. ಇಂಗ್ಲಿಷು ಪೂರ್ತಿಯಾದ ಮೇಲೆ ಅದಕ್ಕೆ ಮನುಷ್ಯರ ಕನ್ನಡ ಬರೆಯಬೇಕು. ಯಂತ್ರ ಪದಕ್ಕೆ ಪದ ಇಟ್ಟಿರುವುದರಿಂದ ಅದರ ಹೆಜ್ಜೆ ಗುರುತು ಅಳಿಸಿರುವುದಿಲ್ಲ.

"ಮಟ್ಟದ ದಾಟುವಿಕೆ ಅಂದ್ರೆ ಲೆವೆಲ್ ಕ್ರಾಸಿಂಗ್ ತಾತ. ನಮ್ ಗೇಟು. ಮನುಷ್ಯಸಹಿತ ಅಂದ್ರೆ ಕಾಯೋನು ಇರೋ ಗೇಟು. ಅದನ್ನ ಮುಚ್ತಾರೆ."

"ಮತ್ತೆ ಸುರಂಗ?"

"ಸಬ್‌ವೇ. ಹಳಿ ಕೆಳಗೆ ತೂತು ಕೊರೆದು ರಸ್ತೆ ಮಾಡ್ತಾರೆ. ಸೀಮಿತ ಎತ್ತರ ಅಂದ್ರೆ ಗಿಡ್ಡದು."

ತಾತ ಗೇಟಿನ ಸುದ್ದಿ ಕೇಳಿ ಸಪ್ಪಗಾದ. ಆದರೂ ಕಾಗದದ ಮೇಲಿನ ಸಿಟ್ಟು ಆರಿರಲಿಲ್ಲ.

"ಇಲ್ಲಿ ಸಮರ್ಥ ಪ್ರಾಧಿಕಾರ ಅಂತ ಬರ್ದವ್ರೆ. ಸಮರ್ಥರು ಅಂತ ಅವ್ರಿಗೆ ಯೋಳ್ದೋರು ಯಾರು?"

"ಅವ್ರೇ ಹೇಳ್ಕೊಂಡಿರೋದು."

"ಕೆಳಸಹಿದಾರರಿಗೆ ತಿಳಿಸತಕ್ಕದ್ದು ಅಂತ ಅದೆಯಲ್ಲ, ಅವ್ರ್ಯಾರು?"

"ಕೆಳಗೆ ಸಹಿ ಹಾಕಿರೋ ಸಾಹೇಬ್ರು."

ತಾತ ಕಾಗದವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಬೆನ್ನನ್ನೂ ನೋಡಿದ. ಸಹಿ ಇರಲಿಲ್ಲ. ಕೊನೆಯ ಸಾಲು ಹೀಗಿತ್ತು: "ಇದು ಗಣಕಯಂತ್ರ ರಚಿತ ಪತ್ರವಾಗಿದ್ದು ಸಹಿಯ ಅಗತ್ಯವಿಲ್ಲ."

"ನಂಗೆ ಎಪ್ಪತ್ತಾರು ವರ್ಸ. ಪಿಂಚಣಿ ಈಸ್ಕೊಳಕೆ ಎಬ್ಬೆಟ್ಟು, ಸಹಿ, ಕಣ್ಣಿನ ಪಾಪೆ ಎಲ್ಲಾ ಕೊಡ್ತೀನಿ. ಅವ್ನು ಗೇಟು ಮುಚ್ಚಕೆ ಒಂದ್ ಸಹಿ ಹಾಕಕೂ ಆಗಲ್ವಾ?" ಅಂದ ತಾತ.

ಹೆಣ್ಣು ನೋಡುವ ಶಾಸ್ತ್ರ

ಕಾಗದದ ಜೀವ ಇದ್ದದ್ದು ಕೊನೆಯ ಪ್ಯಾರಾದಲ್ಲಿ. ಸರ್ಕಾರಿ ಕಾಗದದಲ್ಲಿ ಮೊದಲ ಮುಕ್ಕಾಲು ಪಾಲು ಉಲ್ಲೇಖ, ಸುತ್ತೋಲೆ ಅಂತ ಗಂಟಲು ಸರಿಮಾಡಿಕೊಳ್ಳುವುದೇ ಆಗುತ್ತದೆ. ನಮ್ಮ ಕುತ್ತಿಗೆಗೆ ಬರುವುದು ಕೊನೆಯಲ್ಲಿ.

"ಆಕ್ಷೇಪಣೆಗಳು, ಯಾವುದಾದರೂ ಇದ್ದರೆ, ಈ ಪತ್ರದ ಸ್ವೀಕೃತಿಯಿಂದ ಮೂವತ್ತು ದಿನಗಳ ಒಳಗೆ ಕೆಳಸಹಿದಾರರನ್ನು ತಲುಪತಕ್ಕದ್ದು, ಅದರಲ್ಲಿ ವಿಫಲವಾದರೆ ಯಾವುದೇ ಆಕ್ಷೇಪಣೆ ಇಲ್ಲವೆಂದು ಭಾವಿಸಲ್ಪಡುವುದು."

ಕೊನೆಗೂ ಕನ್ನಡಕ ಸಿಕ್ಕಿದ ಮೆಂಬರು ಇದನ್ನು ಓದಿ, "ಆಕ್ಷೇಪಣೆ ಹಾಕುದ್ರೂ ಫೇಲಾಯ್ತದೆ ಅಂತ ಅವ್ರೇ ಬರ್ದವ್ರೆ, ಯಾಕ್ ಸುಮ್ನೆ" ಅಂತ ಊರಿಗೆಲ್ಲ ಸಾರಿದ್ದ. ಊರೂ ಸುಮ್ಮನಾಗಿತ್ತು. ನಾನು ಅದನ್ನು ವಾಪಸ್ ಇಂಗ್ಲಿಷಿಗೆ ಕಳಿಸಿ, ಮತ್ತೆ ಕನ್ನಡಕ್ಕೆ ತಂದು ಹೇಳಿದೆ.

"ಅರ್ಥ ಉಲ್ಟಾ ತಾತ. ಬೇಡ ಅನ್ನೋರು ಮೂವತ್ತು ದಿನದೊಳಗೆ ಬರೆದು ಕೊಡಬೇಕು. ಸುಮ್ನಿದ್ರೆ ಒಪ್ಪಿದ ಹಾಗೆ ಅಂತ ಬರ್ಕೋತಾರೆ."

"ಸುಮ್ನಿದ್ರೆ ಒಪ್ದಂಗಾ? ಅದ್ಯಾವ ಊರ್ ನ್ಯಾಯ?"

"ನಮ್ಮೂರ್ದೇ ನ್ಯಾಯ. ಹೋದ ವರ್ಷ ಮಳವಳ್ಳಿಯಿಂದ ಗಂಡಿನ ಕಡೆಯವ್ರು ಬಂದಿದ್ರಲ್ಲ. ನಾನು ಕಾಫಿ ಕೊಟ್ಟು ತಲೆ ಬಗ್ಗಿಸಿ ಸುಮ್ನೆ ನಿಂತಿದ್ದೆ. ನೀನು ಹುಡುಗಿ ಒಪ್ಪವ್ಳೆ ಅಂತ ಎಲೆ ಅಡಿಕೆ ಕೊಟ್ಬುಟ್ಟೆ. ನಾನು ಸುಮ್ನಿದ್ದದ್ದು ಬಾಯಿ ತೆಗೆದ್ರೆ ಆ ಗಂಡಿಗೆ ಬೈದುಬುಡ್ತೀನೇನೋ ಅಂತ."

ಆ ಸಂಬಂಧ ಬಿಡಿಸಲು ನಾನು ಪಟ್ಟ ಪಾಡು ಈಗ ನೆನೆದರೂ ಮೈ ಉರಿಯುತ್ತದೆ. ತಾತ ಕಾಗದದಲ್ಲಿ ಮೂವತ್ತು ದಿನ ಅಂತಿದ್ದ ಕಡೆ ಬೆರಳಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ನಿಂಗೂ ಮೂವತ್ತು ದಿನ ಟೈಮ್ ಕೊಡ್ಬೇಕಿತ್ತು ಅಲ್ವಾ?"

ದರ್ಜಿಯ ಟೇಪು

ಹಳಿ ಕೆಳಗೆ ರಸ್ತೆ ಬಂದರೆ ಒಳ್ಳೆಯದೇ ಅಲ್ಲವೇ, ಗೇಟಿನ ಮುಂದೆ ಕಾಯುವುದು ತಪ್ಪುತ್ತದೆ ಅಂತ ನನಗೂ ಅನ್ನಿಸಿತ್ತು. ಆದರೆ ಕಾಗದದ ಬೆನ್ನಿಗೆ ಒಂದು ಅನುಬಂಧ ಇತ್ತು. ಅದರಲ್ಲಿ "ಎತ್ತರದ ಮಾಪಕ, ಎರಡೂ ಸಮೀಪಗಳಲ್ಲಿ, ಮೂರೂವರೆ ಮೀಟರು" ಅಂತಿತ್ತು. ಸಮೀಪ ಅಂದರೆ ಅಪ್ರೋಚ್, ಅಂದರೆ ಕೂಡು ರಸ್ತೆ. ಮಾಪಕ ಅಂದರೆ ರಸ್ತೆಗೆ ಅಡ್ಡಲಾಗಿ ಮೇಲೆ ನಿಲ್ಲಿಸುವ ಕಬ್ಬಿಣದ ತೊಲೆ. ಎತ್ತರದ ಗಾಡಿ ಒಳಗೆ ಹೋಗಿ ಹಳಿ ಹೊತ್ತ ಕಾಂಕ್ರೀಟಿಗೆ ಗುದ್ದದಿರಲಿ ಅಂತ ಮುಂಚೆಯೇ ತಡೆಯುವುದು ಅದು. ಈಗಿನ ಗೇಟಿಗೂ ಮೇಲಿನ ಕರೆಂಟು ತಂತಿಗಾಗಿ ಅಂಥದ್ದೊಂದು ತೊಲೆ ಇದೆ. ಆದರೆ ಅದು ಎಷ್ಟೋ ಮೇಲಿದೆ.

"ನಮ್ ಕಬ್ಬಿನ ಲೋಡು ಎಷ್ಟು ಎತ್ರ ಆಯ್ತದೆ?" ಅಂದ ತಾತ.

ನಮಗಿಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದ ಅಂಗಡಿಯ ದರ್ಜಿ ಸಾಬರ ಟೇಪು ಈಸಿಕೊಂಡು ಹೋದೆವು. ಆಲೆಮನೆ ಮುಂದೆ ಲೋಡಾಗಿ ನಿಂತಿದ್ದ ಟ್ರ್ಯಾಕ್ಟರಿನ ಮೇಲೆ ಡ್ರೈವರ್ ಹತ್ತಿದ, ಕೆಳಗೆ ನಾನು ಟೇಪು ಹಿಡಿದೆ. ಟೇಪು ಸೊಂಟ ಅಳೆಯುವುದು, ಮೂರು ಸಲ ಗುರುತು ಹಾಕಿಕೊಂಡು ಅಳೆಯಬೇಕಾಯಿತು. ಲೋಡು ನಾಲ್ಕು ಮೀಟರ್ ಮೀರಿತ್ತು.

ಅಲ್ಲಿಗೆ ಅರ್ಥವಾಯಿತು. ಗೇಟು ಮುಚ್ಚಿದರೆ ನಮ್ಮೂರ ಒಂದು ಲೋಡು ಕಬ್ಬೂ ಹಳಿ ದಾಟುವುದಿಲ್ಲ. ಹೆದ್ದಾರಿ ಸುತ್ತಿಕೊಂಡು ಹೋಗಬೇಕು. ಕಟಾವಿನ ದಿನ ಅಷ್ಟು ಸುತ್ತಲು ಯಾವ ಡ್ರೈವರೂ ಬರುವುದಿಲ್ಲ, ಕಡಿದ ಕಬ್ಬು ಗದ್ದೆಯಲ್ಲೇ ಒಣಗುತ್ತದೆ.

ಟೇಪು ವಾಪಸ್ ಕೊಟ್ಟಾಗ ಸಾಬರು, "ಯಾರಿಗಮ್ಮ ಅಳತೆ?" ಅಂದರು. ತಾತ, "ಸರ್ಕಾರಕ್ಕೆ. ಗಿಡ್ಡ ಹೊಲ್ದುಬುಟ್ಟವ್ರೆ" ಅಂದ.

ಕಳ್ಳತನವಾಗದ ಫೈಲು

ಆಕ್ಷೇಪಣೆ ಬರೆದೆವು. ತಾತ ಹೇಳಿದ್ದರಲ್ಲಿ ಬೈಗುಳ ತೆಗೆದಾಗ ಅರ್ಧ ಪುಟ ಉಳಿಯಿತು. ಮೇಲೆ ಅವರ ಕಾಗದದ ನಂಬರು, ಕೆಳಗೆ ಸರ್ವೆ ನಂಬರು, ನಡುವೆ ಲೋಡಿನ ಅಳತೆ. ಕೇಳಿದ್ದು ಇಷ್ಟೇ: ಸಬ್‌ವೇಯನ್ನು ಕಬ್ಬಿನ ಲೋಡು ಹೋಗುವಷ್ಟು ಎತ್ತರ ಮಾಡಿ, ಅಲ್ಲಿಯವರೆಗೆ ಗೇಟು ಮುಚ್ಚಬೇಡಿ. ಊರಿನವರ ಸಹಿ ಹಾಕಿಸಿದೆವು. ಅವಸರದಲ್ಲಿ, ಕಾಗದ ಬಿಡಿಸುವಾಗ ಬರೆದುಕೊಂಡಿದ್ದ ನನ್ನ ಇಂಗ್ಲಿಷ್ ಹಾಳೆಯೂ ಅದರ ಜೊತೆಗೇ ಪಿನ್ನಿಗೆ ಸೇರಿಬಿಟ್ಟಿತ್ತು.

ಮಂಡ್ಯದಲ್ಲಿ ಗೇಟು ಮುಚ್ಚುವ ಯೋಜನೆಗೆಂದೇ ತೆರೆದ ಕಚೇರಿಗೆ ಹೋದೆವು. ಎರಡು ಪ್ರತಿ ಕೊಟ್ಟು, ಒಂದಕ್ಕೆ ಸ್ವೀಕೃತಿ ಸೀಲು ಹಾಕಿಕೊಡಿ ಅಂದೆ. ಸೀಲಿಲ್ಲದಿದ್ದರೆ ಕೊಟ್ಟದ್ದೂ ಕೊಡದ ಹಾಗೆ.

ಗುಮಾಸ್ತ ಕಾಗದ ತಳ್ಳಿದ. "ಕನ್ನಡದ ಪ್ರತಿ ಬರೀ ಮಾಹಿತಿಗೆ. ವ್ಯತ್ಯಾಸ ಬಂದ್ರೆ ಇಂಗ್ಲಿಷೇ ಅಂತಿಮ. ಅದನ್ನ ಓದದೆ ಹೇಗೆ ಆಕ್ಷೇಪಣೆ ಹಾಕ್ತೀರಿ?"

"ಇಂಗ್ಲಿಷ್ ಪ್ರತಿ ಕೊಡಿ ಸಾರ್."

"ಅದು ಆಫೀಸ್ ಕಾಪಿ. ಹೊರಗೆ ಕೊಡಲ್ಲ."

ಅಷ್ಟರಲ್ಲಿ ಅವನ ಕಣ್ಣು ಪಿನ್ನಿನ ಹಾಳೆಯ ಮೇಲೆ ಬಿತ್ತು. ಓದಿದ. ಕಪಾಟಿನಿಂದ ಫೈಲು ತೆಗೆದು ಪಕ್ಕಕ್ಕಿಟ್ಟು ಮತ್ತೆ ಓದಿದ. ಬೆವರು ಒರೆಸಿಕೊಂಡ. ಒಂದೆರಡು ಕಡೆ ಬಿಟ್ಟರೆ ನನ್ನ ಹಾಳೆ ಪದಕ್ಕೆ ಪದ ಅವರ ಆಫೀಸ್ ಕಾಪಿಯೇ ಆಗಿತ್ತು.

"ಈ ಫೈಲು ನಿಮ್ ಕೈಗೆ ಕೊಟ್ಟೋರು ಯಾರು?" ಅಂತ ಕೂಗಾಡಿದ. ಇಡೀ ಕಚೇರಿ ನಮ್ಮ ಸುತ್ತ ಸೇರಿತು. ನಿಮ್ಮ ಕನ್ನಡದಿಂದಲೇ ಮಾಡಿದ್ದು ಸಾರ್ ಅಂದರೆ ಒಬ್ಬರೂ ನಂಬಲಿಲ್ಲ. ಅವರ ಕನ್ನಡದಲ್ಲಿ ಅರ್ಥ ಇದೆ ಅನ್ನುವುದನ್ನು ಅವರೇ ಒಪ್ಪಲು ತಯಾರಿರಲಿಲ್ಲ. ಕೊನೆಗೆ ಇವರನ್ನು ಬೇಗ ಕಳಿಸಿದರೆ ಸಾಕು ಅಂತ ಸೀಲು ಗುದ್ದಿದರು.

ಹೊರಗೆ ಬಂದು ತಾತ ಹೇಳಿದ: "ನೀನ್ ಓದಿದ್ದು ಸಾರ್ಥಕ ಆಯ್ತು ಕಣವ್ವ. ಕಳ್ಳಿ ಅನ್ನಿಸ್ಕೊಂಡೆ."

ಬಿದಿರು

ತಿಂಗಳಾದ ಮೇಲೆ ಇನ್ನೊಂದು ಕಾಗದ. "ಸ್ಥಳದ ಮೇಲಿನ ಕೇಳುವಿಕೆ" ಅಂತಿತ್ತು. ಇದನ್ನು ತಾತನೇ ಬಿಡಿಸಿದ: "ಸಾಹೇಬ್ರು ಬಂದು ವಿಚಾರಿಸ್ತಾರೆ, ಅಷ್ಟೇ ತಾನೆ?"

ಅವರು ಬರುವ ದಿನ ಬೆಳಿಗ್ಗೆ ತಾತ ದರ್ಜಿ ಸಾಬರ ಟೇಪನ್ನೇ ಮತ್ತೆ ತರಿಸಿದ. ಗೇಟಿಗೆ ಹೋಗುವ ರಸ್ತೆಗೆ ಅಡ್ಡಲಾಗಿ, ಸರಿಯಾಗಿ ಮೂರೂವರೆ ಮೀಟರಿಗೆ ಒಂದು ಬಿದಿರು ಕಟ್ಟಿಸಿದ. ಕಬ್ಬಿನ ಟ್ರ್ಯಾಕ್ಟರೊಂದನ್ನು ಅದರ ಮುಂದೆ ತಂದು ನಿಲ್ಲಿಸಿ ಸಾಹೇಬರಿಗೆ ಕಣ್ಣಾರೆ ತೋರಿಸುವುದು ಅವನ ಲೆಕ್ಕ.

ಟ್ರ್ಯಾಕ್ಟರು ಇನ್ನೂ ಗದ್ದೆಯಲ್ಲೇ ಇತ್ತು, ಸಾಹೇಬರು ಮೊದಲೇ ಬಂದರು. ಮುಂದೆ ಜೀಪು, ಹಿಂದೆ ಒಂದು ಲಾರಿ. ಹಳಿಯಾಚೆ ಸಭೆ ಮಾಡಲೆಂದು ಕಚೇರಿಯವರೇ ಶಾಮಿಯಾನದ ಗಳ, ಕುರ್ಚಿ ಎಲ್ಲ ಹೇರಿ ತಂದಿದ್ದರು. ಜೀಪು ಬಿದಿರಿನ ಕೆಳಗೆ ನುಸುಳಿತು. ಲಾರಿ ಬಂದು ಬಿದಿರಿಗೆ ಮುಖ ಕೊಟ್ಟು ನಿಂತಿತು. ಮೇಲಿದ್ದ ನಾಲ್ಕು ಕುರ್ಚಿ ಉರುಳಿ ಚರಂಡಿಗೆ ಬಿದ್ದವು.

ಸಾಹೇಬರು ಇಳಿದು ಬಂದರು. "ಯಾರ್ರೀ ಇದನ್ನ ಕಟ್ಟಿದ್ದು? ಕಡಿದು ಹಾಕಿ ಮೊದ್ಲು."

"ಕಡೀರಿ ಸೋಮಿ," ಅಂದ ತಾತ, ಮಚ್ಚನ್ನು ತಾನೇ ಚಾಚಿ. "ನಿಮ್ ಕಾಗ್ದದಲ್ಲಿರೋ ಅಳ್ತೆನೇ ಇದು. ಈವತ್ತು ಬಿದಿರು, ಕಡಿಬೌದು. ನಾಳೆ ನೀವು ಕಬ್ಬಿಣದ್ದು ನಿಲ್ಸುದ್ ಮ್ಯಾಲೆ ನಾವ್ ಏನ್ ಕಡ್ಯದು?"

ಸಾಹೇಬರು ಬಿದಿರನ್ನು ನೋಡಿದರು. ಲಾರಿಯನ್ನು ನೋಡಿದರು. ಚರಂಡಿಯಲ್ಲಿದ್ದ ಕುರ್ಚಿಗಳನ್ನೂ ನೋಡಿದರು. ಬಾಯಿ ತೆರೆದರು, ಮತ್ತೆ ಮುಚ್ಚಿದರು. ಊರೆಲ್ಲ ಅವರ ಬಾಯನ್ನೇ ನೋಡುತ್ತಿತ್ತು.

ತಾತ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಸಾಹೇಬ್ರು ಸುಮ್ನವ್ರೆ ಕಣವ್ವ. ಒಪ್ಪವ್ರೆ ಅಂತ ಬರ್ಕೋ."