ಕರೆಗಂಟೆಯಾಚೆಗಿನ ಮರಾಠಿ

ಅಥವಾ ನನ್ನ ಪಾಠವನ್ನೇ ತಲೆಕೆಳಗು ಮಾಡಿದ ಆ ಮಾತನ್ನು ಹೇಳಿದ್ದು ಅವ್ವನಲ್ಲ, ನನ್ನ ಹೆಂಡತಿ ಸುನಂದಾ ಇರಬಹುದು. ನನ್ನ ನೆನಪಿಗೆ ಒಂದು ಕೆಟ್ಟ ಚಟವಿದೆ: ಮನೆಯಲ್ಲಿ ಯಾರೇ ಒಳ್ಳೆಯ ಮಾತಾಡಿದರೂ ಅದನ್ನು ಕಿತ್ತು ಹೆಚ್ಚು ವಯಸ್ಸಾದವರ ಬಾಯಿಗೆ ಇಟ್ಟುಬಿಡುತ್ತದೆ. ನಾನಾಡಿದ್ದು ಮಾತ್ರ ಖಚಿತವಾಗಿ ನೆನಪಿದೆ, ಏಕೆಂದರೆ ಪ್ರತಿ ವರ್ಷ ಪುಣೆಯ ಧನಕವಡಿಯ ಕಾಲೇಜಿನಲ್ಲಿ ಅದನ್ನೇ ಆಡುತ್ತೇನೆ. ನಾನು ಮಾಧ್ಯಮ ಅಧ್ಯಯನ ಕಲಿಸುವವನು. ಸಾಂಸ್ಕೃತಿಕ ಸಾಮ್ರಾಜ್ಯಶಾಹಿ ನನ್ನ ಮೆಚ್ಚಿನ ಪಾಠ. ಬಲಿಷ್ಠ ದೇಶಗಳ ಕಾರ್ಯಕ್ರಮಗಳು ಒಂದೇ ದಿಕ್ಕಿನಲ್ಲಿ ಹರಿದು ಬರುತ್ತವೆ. ಸ್ವಂತದ್ದನ್ನು ತಯಾರಿಸುವುದಕ್ಕಿಂತ ಸಿದ್ಧವಾದದ್ದನ್ನು ಕೊಳ್ಳುವುದು ಅಗ್ಗ. ಅವುಗಳ ಜೊತೆಗೆ ಅವರ ಬದುಕಿನ ಆಸೆಗಳೂ ಬಂದು, ಇಲ್ಲಿನದು ಒಣಗುತ್ತದೆ. ಇದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ನಡುಗುತ್ತದೆ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕೊರಿಯಾದ ಸರಣಿ ನೋಡುತ್ತಿರುತ್ತಾರೆ.

ಸುನಂದಾ ಒಂದು ವೆಬ್ ಸರಣಿ ಬರೆದಿದ್ದಳು. ಅವಳ ಮೊದಲ ಚಿತ್ರಕಥೆ. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದ, ನಮ್ಮಂಥದೇ ಒಂದು ಮನೆ. ಒಳಗೆ ಜಗಳ, ಅಡುಗೆ, ಪೂಜೆ ಎಲ್ಲ ಕನ್ನಡದಲ್ಲಿ. ಕರೆಗಂಟೆ ಸದ್ದು ಮಾಡಿತೆಂದರೆ ಅರ್ಧದಲ್ಲಿದ್ದ ಬೈಗುಳವನ್ನು ಬಿಟ್ಟು ಎಲ್ಲರೂ ಮರಾಠಿಗೆ ಹೊರಳುತ್ತಾರೆ, ಬಾಗಿಲು ಮುಚ್ಚಿದ ಮೇಲೆ ಆ ಬೈಗುಳವನ್ನು ಕನ್ನಡದಲ್ಲಿಯೇ ಪೂರ್ತಿ ಮಾಡುತ್ತಾರೆ. ನಾವು ದಿನಾ ಮಾಡುವ ಈ ಕೆಲಸವೇ ಕಥೆಯ ಜೀವ. ಒಂದು ಜಾಗತಿಕ ಸ್ಟ್ರೀಮಿಂಗ್ ಕಂಪನಿ ಅದನ್ನು ಇಷ್ಟಪಟ್ಟಿತು. ಆಮೇಲೆ ಅದರ ಮುಂಬೈ ಕಚೇರಿಯಿಂದ ಫೋನು ಬಂತು, ಸುನಂದಾ ಸ್ಪೀಕರ್ ಹಾಕಿದಳು.

ಸಾಮ್ರಾಜ್ಯಶಾಹಿ ಇಂಗ್ಲಿಷಿನಲ್ಲಿ ಮಾತಾಡುತ್ತದೆ ಎಂದುಕೊಂಡಿದ್ದೆ. ಫೋನಿನಲ್ಲಿದ್ದವಳು ಹುಬ್ಬಳ್ಳಿಯ ಹುಡುಗಿ, ರೂಪಾ.

"ಅಕ್ಕಾರ, ನನಗ ಭಾಳ ಸೇರೇದ ರೀ. ನಮ್ಮನ್ಯಾಗ ಹಿಂಗ ಇತ್ತು. ಆದ್ರ ಸಿಸ್ಟಮ್‌ದಾಗ ಒಂದು ಸರಣಿಗೆ ಒಂದ ಮೂಲ ಭಾಷಾ. ಅದನ್ನ ನೋಡಿ ಬಜೆಟ್ ಕೊಡ್ತಾರ. ಕನ್ನಡ ಅಂದ್ರ ಪ್ರೇಕ್ಷಕರು ಬೆಂಗಳೂರಾಗ ಜಾಸ್ತಿ, ಹಂಗಾಗಿ ಮಾತು ಸ್ವಲ್ಪ ಆ ಕಡೀದು ಮಾಡ್ರಿ. ಮರಾಠಿ ತಗೀರಿ. ಮತ್ತ ಮೊದಲನೇ ಐದು ನಿಮಿಷದಾಗ ಏನರ ಆಗ್ಬೇಕು, ಇಲ್ಲಂದ್ರ ಮಂದಿ ಬಿಟ್ಟು ಹೋಗ್ತಾರ."

"ಏನಾಗಬೇಕವಾ?" ಎಂದಳು ಸುನಂದಾ.

"ಯಾರರ ಸತ್ರ ಛಲೋ ರೀ."

ನಾನು ಕುಣಿಯುವುದೊಂದೇ ಬಾಕಿ. ಪಾಠವೇ ಮನೆಗೆ ಬಂದಿತ್ತು! "ನೋಡು, ಅವರ ಸರಣಿ ನಮ್ಮ ಮೇಲೆ ಹೇರಬೇಕಾಗೇ ಇಲ್ಲ. ನಮ್ಮ ಕಥೀನ ಅವರ ಅಚ್ಚಿನಾಗ ಹಾಕಿದ್ರ ಸಾಕು. ಹಕ್ಕು ಪೂರ್ತಿ ಅವರದು, ಯಾರಿಗೆ ಏನು ತೋರಸಬೇಕು ಅನ್ನೋದೂ ಅವರದು. ಒಪ್ಪಬ್ಯಾಡ" ಎಂದೆ.

ಅವ್ವ ಟಿವಿಯಿಂದ ಕಣ್ಣು ಕೀಳಲಿಲ್ಲ. ಕೊರಿಯಾದ ಅತ್ತೆಯೊಬ್ಬಳು ಸೊಸೆಯ ಮುಂದೆ ತಟ್ಟೆ ಕುಕ್ಕುತ್ತಿದ್ದಳು. "ಥೇಟ್ ನಮ್ಮ ಬೆಳಗಾವಿ ಅತ್ತೀನ" ಎಂದಳು ಅವ್ವ. ನನ್ನ ಸಿದ್ಧಾಂತದ ಟೀಕಾಕಾರರು ಬಹಳ ಕಾಲದಿಂದ ಹೇಳುತ್ತಿರುವುದು ಇದನ್ನೇ: ನೋಡುವವರು ಕೊಟ್ಟದ್ದನ್ನು ಹಾಗೇ ನುಂಗುವುದಿಲ್ಲ, ತಮ್ಮ ಮನೆಯ ಅರ್ಥ ಹಚ್ಚಿಕೊಳ್ಳುತ್ತಾರೆ, ಹರಿವಿಗೆ ಒಂದೇ ದಿಕ್ಕಿಲ್ಲ, ಕೊರಿಯಾದಿಂದಲೂ ಬರುತ್ತದೆ, ತಮ್ಮ ಭಾಷೆಯದು ಸಿಕ್ಕರೆ ಜನ ಮೊದಲು ಅದನ್ನೇ ನೋಡುತ್ತಾರೆ.

"ಅಲ್ಲಾ, ಕೆಡಿಸ್ಲಿಕ್ಕೆ ನಮ್ಮ ಭಾಷಾ ಮೊದಲ ಒಂದ ಇತ್ತೇನು? ಬೆಂಗಳೂರಿನವರು ನಮ್ಮ ಮಾತಿಗೆ ನಗ್ತಿದ್ದಾಗ ಯಾವ ವಿದೇಶಿ ಕಂಪನಿ ಬಂದಿತ್ತು?"

ಇದೇ ಆ ಮಾತು. ಸುನಂದಾ ಹೇಳಿದಳೋ ಅವ್ವನೋ, ಇನ್ನೂ ಬಗೆಹರಿದಿಲ್ಲ. ಒಂದು ನಾಡಿನ ಸಂಸ್ಕೃತಿ ಎನ್ನುವುದು ಒಂದೇ ಗಟ್ಟಿ ಮುದ್ದೆ ಎಂದು ನಂಬಿದ್ದು ನನ್ನ ಸಿದ್ಧಾಂತದ ಅತ್ಯಂತ ಪೊಳ್ಳು ಭಾಗ ಎಂದು ಪಾಠದ ಕೊನೆಯಲ್ಲಿ ನಾನೂ ಹೇಳುತ್ತೇನೆ. ಅಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಸುನಂದಾ ಒಂದು ವಾರ ರೂಪಾಳ ಜೊತೆ ಹಗ್ಗಜಗ್ಗಾಟ ಆಡಿದಳು. ಮೊದಲ ಕಂತಿನಲ್ಲಿ ಒಬ್ಬ ಚಿಕ್ಕಪ್ಪನನ್ನು ಕೊಂದುಕೊಟ್ಟಳು. ಹಕ್ಕನ್ನೂ ಕೊಟ್ಟಳು. ಧಾರವಾಡದ ಮಾತನ್ನೂ ಕರೆಗಂಟೆಯ ಮರಾಠಿಯನ್ನೂ ಉಳಿಸಿಕೊಂಡು ಸಹಿ ಹಾಕಿದಳು. ಆ ಕಂಪನಿಯ ಹಣವಿಲ್ಲದೆ ನಮ್ಮ ಮಾತಿನಲ್ಲಿ ಇಂಥದನ್ನು ಯಾರು ತೆಗೆಯುತ್ತಿದ್ದರು ಎಂದು ಕೇಳಿದಳು. ನಾನು ನನ್ನ ಪ್ರಬಂಧವನ್ನು ತೆಗೆದು ಮುಂದಿಟ್ಟೆ.

ಸರಣಿ ಬಂತು. ಎದುರು ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುವವರು, ಅದನ್ನು ಮರಾಠಿ ಡಬ್ಬಿಂಗಿನಲ್ಲಿ ಪೂರ್ತಿ ನೋಡಿ, ಕಣ್ಣೊರೆಸಿಕೊಳ್ಳುತ್ತ ಬಂದು, ಥೇಟ್ ತಮ್ಮ ಮನೆಯಂತೆಯೇ ಇದೆ ಎಂದು ಸುನಂದಾಳನ್ನು ಅಪ್ಪಿಕೊಂಡರು. ಡಬ್ಬಿಂಗಿನಲ್ಲಿ ಬಾಗಿಲ ಒಳಗೂ ಮರಾಠಿ, ಹೊರಗೂ ಮರಾಠಿ. ಗಂಟೆ ಸದ್ದು ಮಾಡುತ್ತದೆ, ಏನೂ ಬದಲಾಗುವುದಿಲ್ಲ. ಯಾರ ಮುಂದೆ ನಾವು ಹೊರಳುತ್ತೇವೋ ಅವರಿಗೇ ಆ ಹೊರಳು ಕಾಣಲಿಲ್ಲ. ಆದರೂ ಅವರು ಅತ್ತಿದ್ದರು.

ಇದನ್ನು ಸಿದ್ಧಾಂತದ ಕಡೆ ಬರೆದುಕೊಳ್ಳಬೇಕೋ ಟೀಕಾಕಾರರ ಕಡೆಯೋ? ಕಾಕುಗೆ ಸುನಂದಾ ಮರಾಠಿಯಲ್ಲಿ ಥ್ಯಾಂಕ್ಸ್ ಹೇಳಿ ನಕ್ಕಳು. ಅದು ಗೆದ್ದವಳ ನಗುವೋ, ಕಳೆದುಕೊಂಡವಳದೋ ನನಗೆ ಗೊತ್ತಾಗಲಿಲ್ಲ.